ಮಾತು ನಿಂತ ಮೇಲಿನ ಹತ್ತು ಸೆಕೆಂಡು

ಮೊದಲು ಒಂದು ಸಂದರ್ಭವನ್ನು ನಿಮ್ಮ ಮುಂದಿಡುತ್ತೇನೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ನಡೆಯುತ್ತದೆ. ಇಬ್ಬರು ಹಳೆಯ ಗೆಳೆಯರು ಮೇಜಿನ ಆಚೀಚೆ ಕುಳಿತಿದ್ದಾರೆ. ಅವರಲ್ಲೊಬ್ಬನ ಹೆಂಡತಿ ತೀರಿಕೊಂಡು ಏಳು ವಾರಗಳಾಗಿವೆ. ಅರ್ಧ ಗಂಟೆಯಿಂದ ಅವನು ಬ್ಯಾಂಕಿನ ಕಾಗದಪತ್ರಗಳ ಬಗ್ಗೆ, ಕೆಲಸಕ್ಕೆ ಮರಳಿದ ಬಗ್ಗೆ, ಮಗಳ ಪರೀಕ್ಷೆಯ ಬಗ್ಗೆ ತುಸು ನಿರಾಳವಾಗಿಯೇ ಮಾತನಾಡುತ್ತಿದ್ದಾನೆ. ಹಾಗೆ ಹೇಳುತ್ತ ಹೇಳುತ್ತ, ‘ಅವಳ ಫೋನನ್ನು ನಾನು ಇನ್ನೂ ದಿನಾ ಚಾರ್ಜಿಗೆ ಹಾಕ್ತಾ ಇದ್ದೀನಿ, ಯಾಕಂದ್ರೆ ಅದರಲ್ಲಿ…’ ಎಂದವನು ಅಲ್ಲಿಗೇ ನಿಲ್ಲಿಸುತ್ತಾನೆ. ಕಣ್ಣು ತುಂಬುತ್ತದೆ, ತುಟಿ ಬಿಗಿಯುತ್ತದೆ, ನೋಟ ಮೇಜಿನ ಅಂಚಿನ ಮೇಲೆ ನೆಡುತ್ತದೆ. ಎದುರಿಗೆ ಕುಳಿತವನು ಈಗೇನು ಮಾಡಬೇಕು?

ಆ ಎದುರಿಗೆ ಕುಳಿತಿದ್ದವನೇ ಬಹಳ ದಿನಗಳ ಮೇಲೆ ನನಗೆ ಇದನ್ನು ಹೇಳಿದ್ದು. ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಮಾತ್ರ ಬದಲಿಸಿದ್ದೇನೆ. ‘ಆ ಕ್ಷಣ ನನ್ನ ಬಾಯಿಗೆ ಮೂರು ವಾಕ್ಯಗಳು ಒಟ್ಟಿಗೇ ಬಂದವು’ ಎಂದು ಅವನು ಹೇಳಿದ. ಒಂದು, ‘ಧೈರ್ಯ ತಂದುಕೋ.’ ಇನ್ನೊಂದು, ‘ನಮ್ಮಪ್ಪ ಹೋದಾಗ ನನಗೂ ಹೀಗೇ ಆಗಿತ್ತು.’ ಮೂರನೆಯದು, ‘ಫೋನಿನಲ್ಲಿ ಏನಿದೆ?’ ಈ ಮೂರರಲ್ಲಿ ಒಂದನ್ನಾದರೂ ನಾವೆಲ್ಲರೂ ಒಮ್ಮೆಯಲ್ಲ ಒಮ್ಮೆ ಆಡಿಬಿಟ್ಟಿದ್ದೇವೆ. ಮನಸ್ಸು ಕಲ್ಲಾಗಿ ಆಡಿದ ಮಾತುಗಳಲ್ಲ ಅವು. ಕಣ್ಣೆದುರು ಒಬ್ಬರು ನೋಯುತ್ತಿರುವಾಗ ಸುಮ್ಮನೆ ಕುಳಿತುಕೊಳ್ಳುವುದು ಕೈಬಿಟ್ಟಂತೆ ಅನಿಸುವುದರಿಂದ ಹಾಗೆ ಆಡುತ್ತೇವೆ. ಹಾಗೇಕೆ ಅನಿಸುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಕಾರಣ ತಿಳಿಯದೆ ‘ಸುಮ್ಮನಿರಿ’ ಎಂದು ಉಪದೇಶ ಮಾಡಿದರೆ ಅದು ಆ ಹೊತ್ತಿಗೆ ನೆನಪಿಗೇ ಬರುವುದಿಲ್ಲ.

ಮನುಷ್ಯರು ಮಾತನಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ನಂಬಲಾಗದಷ್ಟು ಸಣ್ಣದು. ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಈ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದ ಆಸುಪಾಸಿನಲ್ಲಿತ್ತು. ಅದಕ್ಕೂ ಮೊದಲು, 1989ರಲ್ಲಿ, ಸಂಭಾಷಣೆಯ ಧ್ವನಿಮುದ್ರಣಗಳನ್ನು ಹೆಚ್ಚುಕಡಿಮೆ ಉಸಿರುಸಿರಾಗಿ ಬರೆದಿಟ್ಟು ಪರಿಶೀಲಿಸುತ್ತಿದ್ದ ಗೇಲ್ ಜೆಫರ್ಸನ್, ಮೌನವು ಸುಮಾರು ಒಂದು ಸೆಕೆಂಡನ್ನು ತಲುಪುವ ಹೊತ್ತಿಗೆ ಜನ ಏನನ್ನಾದರೂ ಹೇಳಿ ಅದನ್ನು ಮುಗಿಸುವ ಕಡೆಗೆ ವಾಲುತ್ತಾರೆ ಎಂಬುದನ್ನು ಗುರುತಿಸಿದ್ದರು. ಒಂದು ಸೆಕೆಂಡು ಮೀರಿದ ಮೌನವನ್ನು ನಾವು ಸಾಮಾನ್ಯವಾಗಿ ಏನೋ ಕೆಟ್ಟಿದೆ ಎಂಬ ಸೂಚನೆಯಾಗಿ ಓದುತ್ತೇವೆ: ಎದುರಿನವರಿಗೆ ನಾನು ಹೇಳಿದ್ದು ಹಿಡಿಸಲಿಲ್ಲವೇ, ಕೇಳಿಸಲಿಲ್ಲವೇ, ಈಗ ಸರದಿ ನನ್ನದೇ? ಈ ಲೆಕ್ಕವನ್ನು ನಾವು ಯೋಚಿಸಿ ಮಾಡುವುದಿಲ್ಲ. ಎಳವೆಯಿಂದ ಮೈಗೂಡಿದ ತಾಳ ಅದು.

ದುಃಖದಲ್ಲಿರುವವರೊಡನೆ ಮಾತನಾಡುವಾಗ ಈ ತಾಳವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಫೋನಿನ ಮಾತು ಆಡಿದ ಗೆಳೆಯ ತನ್ನ ಮಾತನ್ನು ಮುಗಿಸಿಲ್ಲ. ‘ಯಾಕಂದ್ರೆ ಅದರಲ್ಲಿ’ ಎಂಬಲ್ಲಿ ವಾಕ್ಯವೇ ಅರ್ಧಕ್ಕೆ ನಿಂತಿದೆ, ಅಂದರೆ ಸರದಿ ಇನ್ನೂ ಅವನದೇ. ಅವನು ಮಾತು ಬಿಟ್ಟುಕೊಟ್ಟಿಲ್ಲ, ಅವನ ದೇಹ ಸದ್ಯಕ್ಕೆ ಮಾತಾಡಲು ಬಿಡುತ್ತಿಲ್ಲ. ಅಳು ಬಂದಾಗ ಗಂಟಲು ಬಿಗಿಯುತ್ತದೆ, ಉಸಿರು ತುಂಡು ತುಂಡಾಗಿ ಒಳಗೆ ಹೋಗುತ್ತದೆ, ಮಾತಿಗೆ ಬೇಕಾದ ಏಕಧಾರೆಯ ಹೊರಯುಸಿರು ಸಿಕ್ಕುವುದಿಲ್ಲ. ಗಂಟಲುಬ್ಬಿ ಬಂತು ಎಂದು ನಾವು ಹೇಳುವುದು ಬರಿಯ ಅಲಂಕಾರವಲ್ಲ, ಆ ಹೊತ್ತಿನಲ್ಲಿ ಆಡಹೋದರೆ ದನಿ ಒಡೆಯುತ್ತದೆ, ಇಲ್ಲವೆ ಬರಿಯ ಗಾಳಿ ಹೊರಬರುತ್ತದೆ. ಆದ್ದರಿಂದ ಅವನು ಕಾಯುತ್ತಾನೆ. ಆ ಕಾಯುವಿಕೆಯನ್ನು ನಾವು ಖಾಲಿ ಜಾಗವೆಂದು ತಿಳಿದು ತುಂಬಲು ಹೊರಟರೆ, ಮಾತಾಡುತ್ತಿರುವವನ ನಡುವೆ ಬಾಯಿ ಹಾಕಿದಂತೆಯೇ ಆಗುತ್ತದೆ. ಸದ್ದಿಲ್ಲದಿರುವುದರಿಂದ ಅದು ನಮಗೆ ಹಾಗೆ ಕಾಣುವುದಿಲ್ಲ, ಅಷ್ಟೆ.

ಇನ್ನೂ ಒಂದು ವಿಷಯವಿದೆ. ಅಗಲಿಕೆಯ ದುಃಖ ಮೆಟ್ಟಿಲಿಳಿದಂತೆ ಹಂತ ಹಂತವಾಗಿ ಸಾಗುತ್ತದೆ ಎಂಬ ಕಲ್ಪನೆ ಬಹಳ ಜನಪ್ರಿಯ. ಆದರೆ ದುಃಖಿಗಳ ಜೊತೆ ಕೆಲಸ ಮಾಡುವ ನಮಗೆ ಕಾಣುವುದು ಹೆಚ್ಚಾಗಿ ಓಲಾಟ. ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಿವರಣೆ ಇದನ್ನೇ ಹೇಳುತ್ತದೆ: ಮನಸ್ಸು ಒಮ್ಮೆ ಕಳೆದುಕೊಂಡದ್ದರ ಕಡೆಗೆ ತಿರುಗುತ್ತದೆ, ಇನ್ನೊಮ್ಮೆ ಮುಂದಿನ ಬದುಕಿನ ಕೆಲಸಗಳ ಕಡೆಗೆ ತಿರುಗುತ್ತದೆ, ಮತ್ತೆ ಹಿಂದಕ್ಕೆ ಹೋಗುತ್ತದೆ. ನಮ್ಮ ಗೆಳೆಯ ಬ್ಯಾಂಕು, ಕೆಲಸ, ಪರೀಕ್ಷೆ ಎನ್ನುತ್ತ ಒಂದು ದಡದಲ್ಲಿದ್ದ. ‘ಫೋನು’ ಎಂಬ ಒಂದೇ ಮಾತಿನಲ್ಲಿ ಇನ್ನೊಂದು ದಡಕ್ಕೆ ಹೋಗಿಬಿಟ್ಟ. ನಡುವೆ ಬರುವ ಮೌನ ಬಹಳ ಸಲ ಹೀಗೆ ದಾಟುವ ಹೊತ್ತು. ಆಗ ನಾವು ಸಮಾಧಾನ ಹೇಳಿದರೆ ಅವನನ್ನು ಮೊದಲ ದಡಕ್ಕೆ ಕೈಹಿಡಿದು ಎಳೆದಂತಾಗುತ್ತದೆ. ಅವನೂ ಸೌಜನ್ಯಕ್ಕಾಗಿ ಬಂದುಬಿಡುತ್ತಾನೆ. ಹೇಳಬೇಕೆಂದಿದ್ದ ಮಾತು ಆಚೆಯ ದಡದಲ್ಲೇ ಉಳಿಯುತ್ತದೆ.

ಇದು ನನ್ನ ಕೈಯಿಂದಲೇ ಆಗಿದೆ. ನಾನು ಈ ಕೆಲಸಕ್ಕೆ ಬರುವುದಕ್ಕೆ ಮೊದಲು, ತಮ್ಮನನ್ನು ಕಳೆದುಕೊಂಡ ನನ್ನ ಗೆಳತಿಯೊಬ್ಬಳು ‘ಕೊನೇ ಸಲ ಅವನು ಮನೆಯಿಂದ ಹೊರಡುವಾಗ ನಾನು ಬಾಗಿಲ ತನಕ ಹೋಗಲಿಲ್ಲ’ ಎಂದು ಹೇಳಿ ಸುಮ್ಮನಾದಳು. ಕಣ್ಣೀರು ಬರುವುದಕ್ಕೆ ಮುಂಚೆಯೇ ನಾನು, ‘ಅಯ್ಯೋ, ನಿನಗೇನು ಗೊತ್ತಿತ್ತು, ನಿನ್ನದೇನೂ ತಪ್ಪಿಲ್ಲ’ ಎಂದುಬಿಟ್ಟೆ. ಆ ಮಾತು ಸುಳ್ಳಾಗಿರಲಿಲ್ಲ. ಆದರೆ ಅವಳು ಕೂಡಲೇ ಕಣ್ಣೊರೆಸಿಕೊಂಡು, ‘ಹೌದು ಬಿಡು’ ಎಂದು ಚಿಕ್ಕದಾಗಿ ನಕ್ಕು, ‘ನಿನ್ನ ಕೆಲಸ ಹೇಗೆ ನಡೀತಿದೆ?’ ಎಂದು ಕೇಳಿದಳು. ಈ ಗುರುತನ್ನು ನೀವು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ. ದುಃಖದಲ್ಲಿರುವವರು ಇದ್ದಕ್ಕಿದ್ದಂತೆ ನಮ್ಮನ್ನು ವಿಚಾರಿಸಿಕೊಳ್ಳಲು ಶುರುಮಾಡಿದರೆ, ಬಹುಮಟ್ಟಿಗೆ ನಾವು ಅವರ ಮೌನವನ್ನು ಬೇಗ ಮುಚ್ಚಿದ್ದೇವೆ ಎಂದೇ ಅರ್ಥ. ನನ್ನ ಕಳವಳ ಅವಳಿಗೆ ಕಂಡಿತ್ತು, ಅದನ್ನು ಸಂತೈಸುವ ಕೆಲಸವನ್ನು ಅವಳೇ ಕೈಗೆತ್ತಿಕೊಂಡಳು.

ಆ ಮೂರು ವಾಕ್ಯಗಳಿಗೆ ಮರಳೋಣ. ‘ಧೈರ್ಯ ತಂದುಕೋ’, ‘ಅಳಬೇಡ’, ‘ಕಾಲವೇ ಎಲ್ಲ ಮರೆಸುತ್ತೆ’ ಎಂಬಂಥ ಮಾತುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವು ಅಳುವನ್ನು ನಿಲ್ಲಿಸು ಎಂದೇ ಕೇಳುತ್ತವೆ. ಅದರಲ್ಲೂ ಮರೆಸುತ್ತದೆ ಎಂಬ ಮಾತು ಮರೆಯಲು ಒಲ್ಲದವರಿಗೆ ಬೆದರಿಕೆಯಂತೆಯೇ ಕೇಳಿಸಬಹುದು. ‘ನನಗೂ ಹೀಗೇ ಆಗಿತ್ತು’ ಎಂಬುದರ ಹಿಂದೆ ನಿಜವಾದ ಒಡನಾಟವಿದೆ. ಆದರೆ ಅಳುತ್ತಿರುವವರು ಆಗ ನಮ್ಮ ಅಪ್ಪನ ಸಾವನ್ನು ಕೇಳಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಮುಖಭಾವ ಹೊಂದಿಸಿಕೊಳ್ಳಬೇಕಾಗುತ್ತದೆ. ಅದನ್ನು ಹೇಳಲು ಸಮಯ ಬೇರೆ ಇದೆ. ಅವರೇ ‘ನಿನಗೆ ಆಗ ಹೇಗಿತ್ತು?’ ಎಂದು ಕೇಳಿದಾಗ ಹೇಳಬಹುದು.

ಪ್ರಶ್ನೆಯ ವಿಷಯದಲ್ಲಿ ಮಾತ್ರ ನಾವು ಹೆಚ್ಚು ಎಚ್ಚರದಿಂದಿರಬೇಕು, ಏಕೆಂದರೆ ಅದು ಒಳ್ಳೆಯ ಕೇಳುಗರ ಲಕ್ಷಣದಂತೆ ಕಾಣುತ್ತದೆ. ‘ಫೋನಿನಲ್ಲಿ ಏನಿದೆ?’ ಎಂದು ಕೇಳಿದವನಿಗೆ ಆಸಕ್ತಿ ಇದೆ, ಕಾಳಜಿಯೂ ಇದೆ. ಆದರೆ ಪ್ರಶ್ನೆ ಉತ್ತರವನ್ನು ಬೇಡುತ್ತದೆ, ಉತ್ತರಕ್ಕೆ ದನಿ ಬೇಕು, ಅವನಲ್ಲಿ ಆ ಕ್ಷಣಕ್ಕೆ ಇಲ್ಲದಿರುವುದೇ ದನಿ. ಅದಲ್ಲದೆ ಪ್ರಶ್ನೆ ಮಾತಿನ ದಿಕ್ಕನ್ನೂ ನಿರ್ಧರಿಸಿಬಿಡುತ್ತದೆ. ಅವನು ಹೇಳಹೊರಟಿದ್ದು ಫೋನಿನಲ್ಲಿರುವ ವಸ್ತುವಿನ ಬಗ್ಗೆಯೇ ಇರಬಹುದು, ಅಥವಾ ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂಬ ಅಂಜಿಕೆಯ ಬಗ್ಗೆಯೂ ಇರಬಹುದು. ನಾವು ಕೇಳಿದ ಪ್ರಶ್ನೆಗೆ ಅವನು ಪ್ರಾಮಾಣಿಕವಾಗಿ ಉತ್ತರಿಸುತ್ತಾನೆ, ಅಂಜಿಕೆ ಒಳಗೇ ಉಳಿಯುತ್ತದೆ.

ಹಾಗಾದರೆ ಮಾಡುವುದೇನು? ನಾನು ತರಬೇತಿಗಳಲ್ಲಿ ಹೇಳಿಕೊಡುವುದು ಬಹಳ ಸಣ್ಣ ಕೆಲಸ: ಮೌನ ಶುರುವಾದೊಡನೆ ನಿಮ್ಮ ಮೂರು ಉಸಿರನ್ನು ಎಣಿಸಿ. ಆಳವಾದ ಉಸಿರೇನೂ ಬೇಡ, ಎಂದಿನಂತೆ ಬರುವ ಉಸಿರು ಸಾಕು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುವುದರಿಂದ, ಮೂರು ಉಸಿರೆಂದರೆ ಸುಮಾರು ಒಂಬತ್ತರಿಂದ ಹದಿನೈದು ಸೆಕೆಂಡು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಇದನ್ನು ಅಭ್ಯಾಸ ಮಾಡಿಸಿದ ಮೇಲೆ ‘ಎಷ್ಟು ಹೊತ್ತು ಸುಮ್ಮನಿದ್ದಿರಿ?’ ಎಂದು ಕೇಳಿದರೆ, ಅರ್ಧ ನಿಮಿಷ, ಒಂದು ನಿಮಿಷ ಎಂಬ ಉತ್ತರಗಳು ಬರುತ್ತವೆ. ಗಡಿಯಾರದಲ್ಲಿ ಅದು ಹತ್ತೇ ಸೆಕೆಂಡು ಆಗಿರುತ್ತದೆ. ಒಂದು ಸೆಕೆಂಡಿನ ಮೌನಕ್ಕೇ ಕಸಿವಿಸಿಪಡುವ ಮೈಗೆ ಹತ್ತು ಸೆಕೆಂಡು ಯುಗವೆನಿಸುವುದು ಸಹಜ. ಆ ಕಸಿವಿಸಿ ನಮ್ಮದೇ ಹೊರತು ಎದುರಿನವರದಲ್ಲ ಎಂಬುದನ್ನು ಎಣಿಕೆ ನೆನಪಿಸುತ್ತದೆ.

ಆ ಮೂರು ಉಸಿರಿನ ಹೊತ್ತಿನಲ್ಲಿ ಎದುರಿನವರನ್ನು ಗಮನಿಸಿ, ಆದರೆ ದಿಟ್ಟಿಸಬೇಡಿ. ಅವರ ಭುಜದ ಮಟ್ಟದಲ್ಲಿ ನಿಮ್ಮ ನೋಟ ಇರಲಿ, ಅವರು ತಲೆಯೆತ್ತಿದಾಗ ನಿಮ್ಮ ಕಣ್ಣು ಸಿಗುವಂತಿರಲಿ. ತುಟಿ ಅಲುಗುತ್ತಿದ್ದರೆ, ಉಸಿರೆಳೆದುಕೊಂಡು ಮತ್ತೆ ಬಿಡುತ್ತಿದ್ದರೆ, ನೋಟ ಒಂದೇ ಕಡೆ ನೆಟ್ಟಿದ್ದರೆ, ಅವರು ಇನ್ನೂ ಮಾತಿನ ಒಳಗೇ ಇದ್ದಾರೆ. ಆಗ ಇನ್ನೂ ಮೂರು ಉಸಿರು ಕಾಯಿರಿ. ಉದ್ದವಾದ ಒಂದು ನಿಟ್ಟುಸಿರು ಹೊರಬಂದು, ಭುಜ ಇಳಿದು, ನೋಟ ನಿಮ್ಮ ಕಡೆ ತಿರುಗಿದರೆ, ಒಂದು ಅಲೆ ಇಳಿದಿದೆ, ಈಗ ನಿಮ್ಮ ಮಾತಿಗೆ ಜಾಗವಿದೆ. ಕಣ್ಣು ಬಾಗಿಲ ಕಡೆಗೆ, ಗಡಿಯಾರದ ಕಡೆಗೆ, ಪಕ್ಕದಲ್ಲಿ ಕುಳಿತ ಅಪರಿಚಿತರ ಕಡೆಗೆ ಹೋಗುತ್ತಿದ್ದರೆ ಅದು ಬೇರೆಯೇ ಮೌನ. ಅವರಿಗೆ ಆ ಜಾಗ ಇರಿಸುಮುರಿಸಾಗಿದೆ. ‘ಹೊರಗೆ ಹೋಗೋಣವಾ?’ ಎಂದು ಕೇಳುವುದೇ ಅಲ್ಲಿ ಸರಿ.

ಕೈಗಳ ಬಗ್ಗೆ ಒಂದು ಮಾತು. ಅಳು ಬಂದೊಡನೆ ಟಿಶ್ಯೂ ಹುಡುಕಿ ಕೈಗೆ ಕೊಡುವುದು ನಮ್ಮೆಲ್ಲರ ಅಭ್ಯಾಸ. ಕಣ್ಣೀರಿನ ಮೊದಲ ಹನಿಗೇ ಟಿಶ್ಯೂವನ್ನು ಮುಖದ ಮುಂದೆ ಹಿಡಿದರೆ, ಒರೆಸಿಕೋ, ಮುಗಿಸು ಎಂದಂತೆ ಅನಿಸಬಹುದು. ಡಬ್ಬಿಯನ್ನು ಅವರ ಕೈಗೆಟುಕುವಷ್ಟು ಹತ್ತಿರಕ್ಕೆ ಸದ್ದಿಲ್ಲದೆ ಸರಿಸಿದರೆ ಸಾಕು, ಬೇಕಾದಾಗ ಅವರೇ ತೆಗೆದುಕೊಳ್ಳುತ್ತಾರೆ. ಮುಟ್ಟುವುದರಲ್ಲೂ ಇದೇ ವ್ಯತ್ಯಾಸವಿದೆ. ಬೆನ್ನನ್ನು ಪಟಪಟನೆ ತಟ್ಟುವ ಕೈ ಅವಸರಪಡಿಸುತ್ತದೆ, ತೋಳಿನ ಮೇಲೆ ಅಲುಗದೆ ನಿಂತ ಕೈ ಅವಸರಪಡಿಸುವುದಿಲ್ಲ. ನಿಮ್ಮಿಬ್ಬರ ನಡುವೆ ಮುಟ್ಟುವ ಸಲುಗೆ ಮೊದಲಿನಿಂದಲೂ ಇಲ್ಲದಿದ್ದರೆ ಇವತ್ತು ಶುರುಮಾಡಬೇಡಿ.

ಇನ್ನು ಆಡುವ ಮಾತು. ಪೂರ್ತಿ ಮೌನವೇ ಸರಿಯೆಂದು ನಾನು ಹೇಳುತ್ತಿಲ್ಲ. ಅಲುಗದೆ, ಏನೊಂದೂ ಹೇಳದೆ ಕುಳಿತ ಕೇಳುಗನ ಎದುರು ಅಳುವುದು ಕೆಲವರಿಗೆ ಪರೀಕ್ಷೆಗೆ ನಿಂತಂತೆ ಆಗುತ್ತದೆ. ಬ್ರಿಟನ್ನಿನ ಮಕ್ಕಳ ರಕ್ಷಣೆಯ ಸಹಾಯವಾಣಿಗೆ ಬಂದ ಕರೆಗಳನ್ನು ಅಭ್ಯಾಸ ಮಾಡಿ ಅಲೆಕ್ಸಾ ಹೆಪ್‌ಬರ್ನ್ 2004ರಲ್ಲಿ ಅಳುವಿನ ಬಗ್ಗೆ ಬರೆದರು. ಕರೆ ಮಾಡಿದವರು ಅತ್ತು ಮಾತು ನಿಂತಾಗ, ಅನುಭವಿ ಸಿಬ್ಬಂದಿ ‘ನಿಧಾನವಾಗಿ ಹೇಳಿ, ಅವಸರವಿಲ್ಲ’ ಎಂಬರ್ಥದ ಮಾತುಗಳನ್ನು ಆಡುತ್ತಿದ್ದುದನ್ನು ಅವರು ಗುರುತಿಸಿದರು. ಇಂಥ ಮಾತಿನ ಗುಣ ನೋಡಿ: ಅದು ತಡವಾಗುತ್ತಿರುವುದನ್ನು ಒಪ್ಪಿಕೊಳ್ಳುತ್ತದೆ, ಸರದಿಯನ್ನು ಅವರ ಕೈಯಲ್ಲೇ ಬಿಡುತ್ತದೆ, ಉತ್ತರವನ್ನು ಕೇಳುವುದಿಲ್ಲ. ಗೆಳೆಯರ ನಡುವೆ ನಮ್ಮಲ್ಲಿ ‘ನಿಧಾನ’ ಎಂಬ ಒಂದೇ ಪದ, ಇಲ್ಲವೇ ‘ಇಲ್ಲೇ ಇದ್ದೀನಿ’ ಎಂಬ ಎರಡು ಪದ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ತಗ್ಗಿದ ದನಿಯಲ್ಲಿ ಒಮ್ಮೆ ಹೇಳಿ, ಮತ್ತೆ ಕಾಯಿರಿ. ಅದನ್ನೇ ನಾಲ್ಕು ಸಲ ಹೇಳಿದರೆ ಅದೂ ಮೌನ ತುಂಬುವ ಸದ್ದೇ ಆಗುತ್ತದೆ. ಅಳುವವರು ‘ಸಾರಿ’ ಎನ್ನುವುದು ಉಂಟು. ಅದಕ್ಕೆ ‘ಸಾರಿ ಯಾಕೆ’ ಎಂದು ವಾದಕ್ಕಿಳಿಯುವ ಬದಲು ‘ಪರವಾಗಿಲ್ಲ, ಅಳು ಬಂದರೆ ಬರಲಿ’ ಎಂದಷ್ಟೇ ಹೇಳಿದರೆ ಸಾಕು.

ಅಲೆ ಇಳಿದು ನೋಟ ನಿಮ್ಮ ಕಡೆ ಬಂದ ಮೇಲೂ ಅವರು ಮಾತನಾಡದಿದ್ದರೆ, ಅವರು ಬಿಟ್ಟ ಕೊನೆಯ ಪದವನ್ನೇ ಅವರಿಗೆ ಮರಳಿಸಿ. ನಮ್ಮ ಕೇಳುಗ ಮಾಡಿದ್ದು ಅದನ್ನೇ. ಬಾಯಿಗೆ ಬಂದ ಮೂರೂ ವಾಕ್ಯಗಳನ್ನು ಅವನು ನುಂಗಿಕೊಂಡ. ಎಣಿಸುವ ಅಭ್ಯಾಸವೇನೂ ಅವನಿಗೆ ಇರಲಿಲ್ಲ, ಮೇಜಿನ ಮೇಲಿದ್ದ ಕೈಯನ್ನು ತುಸು ಮುಂದಕ್ಕಿಟ್ಟು ಸುಮ್ಮನೆ ಕುಳಿತ. ಗೆಳೆಯನ ಉಸಿರು ಎರಡು ಸಲ ಮುರಿದು ಮುರಿದು ಬಂತು, ಆಮೇಲೆ ಉದ್ದವಾಗಿ ಹೊರಬಂತು, ಅವನು ತಲೆಯೆತ್ತಿದ. ಆಗ ಇವನು ‘ಅವಳ ಫೋನು…’ ಎಂದಷ್ಟೇ ಅಂದ. ಪ್ರಶ್ನೆಯ ರಾಗವಿಲ್ಲದೆ, ಅವನು ನಿಲ್ಲಿಸಿದ ಜಾಗವನ್ನು ಬೆರಳಿಟ್ಟು ತೋರಿಸುವ ಹಾಗೆ. ಗೆಳೆಯ ಹೇಳಿದ: ‘ಅದರಲ್ಲಿ ಅವಳ ಅಲಾರಂ ಇದೆ. ಬೆಳಿಗ್ಗೆ ಐದೂವರೆಗೆ ಹೊಡೆಯುತ್ತೆ. ನಾನು ಅದನ್ನು ಆಫ್ ಮಾಡಿಲ್ಲ. ಹೊಡೆದಾಗ ಅರೆನಿದ್ದೆಯಲ್ಲಿ ಒಂದು ಕ್ಷಣ, ಅವಳು ಎದ್ದು ಆಫ್ ಮಾಡ್ತಾಳೆ ಅಂತ ಕಾಯ್ತೀನಿ. ಇದನ್ನ ಯಾರಿಗೂ ಹೇಳಿಲ್ಲ.’ ಆ ಮೇಲೆ ಮತ್ತೊಂದು ಮೌನ, ಮೊದಲನೆಯದಕ್ಕಿಂತ ಉದ್ದವಾದದ್ದು. ಆದರೆ ಆ ಎರಡನೆಯದರಲ್ಲಿ ತನಗೆ ಕಸಿವಿಸಿಯೇ ಆಗಲಿಲ್ಲ ಎಂದು ಕೇಳುಗ ನನಗೆ ಹೇಳಿದ.

ದೂರವಾಣಿಯಲ್ಲಿ ಇದೆಲ್ಲ ತುಸು ಬದಲಾಗುತ್ತದೆ. ಅಲ್ಲಿ ನಿಮ್ಮ ಭುಜವೂ ಕೈಯೂ ಕಾಣುವುದಿಲ್ಲ, ನಿಮ್ಮ ಮೌನಕ್ಕೂ ಕರೆ ಕಡಿದುಹೋಗಿರುವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಒಂದು ‘ಹ್ಞೂಂ’ ಅಥವಾ ‘ಇದ್ದೀನಿ’ ಬೇಕು. ‘ಹಲೋ? ಕೇಳಿಸ್ತಿದೆಯಾ?’ ಎಂದು ಮಾತ್ರ ಕೇಳಬೇಡಿ, ಅಳುತ್ತಿರುವವರು ಆಗ ದನಿ ಸರಿಮಾಡಿಕೊಂಡು ಉತ್ತರಿಸಲೇಬೇಕಾಗುತ್ತದೆ.

ಕಾಯಬಾರದ ಸಂದರ್ಭಗಳೂ ಇವೆ, ಅವನ್ನು ಸ್ಪಷ್ಟವಾಗಿ ಹೇಳುತ್ತೇನೆ. ‘ನಾನೂ ಹೋಗಿಬಿಟ್ಟರೆ ಸಾಕು’ ಎಂಬಂಥ ಮಾತಾಡಿ ಒಬ್ಬರು ಸುಮ್ಮನಾದರೆ, ಆ ಮೌನವನ್ನು ಗೌರವಿಸುತ್ತ ಕೂರಬೇಡಿ. ಅಗಲಿದವರನ್ನು ಸೇರಬೇಕೆಂಬ ಹಂಬಲವನ್ನು ದುಃಖದಲ್ಲಿರುವ ಅನೇಕರು ಆಡುತ್ತಾರೆ, ಅದೆಲ್ಲವೂ ಅಪಾಯದ ಮಾತಲ್ಲ. ಆದರೆ ಯಾವುದು ಯಾವುದೆಂದು ಊಹಿಸುವುದು ನಮ್ಮ ಕೆಲಸವಲ್ಲ. ‘ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಬೇಕು. ಉಸಿರು ವೇಗವಾಗುತ್ತ ಹೋಗಿ ಬೆರಳು, ತುಟಿ ಜೋಮು ಹಿಡಿಯುತ್ತಿದೆ ಎಂದರೆ, ನಿಮ್ಮ ಜೊತೆ ನಿಧಾನವಾಗಿ ಉಸಿರು ಹೊರಬಿಡುವಂತೆ ಹೇಳಿ. ನೋಟ ಹೆಪ್ಪುಗಟ್ಟಿದಂತಾಗಿ, ಹೆಸರು ಹಿಡಿದು ಕರೆದರೂ ಪ್ರತಿಕ್ರಿಯೆ ಬಾರದಿದ್ದರೆ, ಮತ್ತೆ ಮೆಲುವಾಗಿ ಹೆಸರು ಕರೆದು, ನಾವು ಎಲ್ಲಿದ್ದೇವೆ, ಜೊತೆಗೆ ಯಾರಿದ್ದೇವೆ ಎಂದು ಹೇಳಿ. ಆದರೂ ತಿಳಿವಿಗೆ ಬರದಿದ್ದರೆ ವೈದ್ಯಕೀಯ ನೆರವು ಪಡೆಯಬೇಕು.

ಮಾತು ಮುಗಿಯುವ ಹೊತ್ತಿಗೆ ಸಭೆಯಿಂದ ಒಬ್ಬರು ಕೇಳಿದರು: ಈಗಾಗಲೇ ತಪ್ಪು ಮಾತನ್ನು ಆಡಿಬಿಟ್ಟಿದ್ದರೆ ಏನು ಮಾಡುವುದು? ಅದಕ್ಕೆ ಉತ್ತರವಾಗಿ ನನ್ನ ಗೆಳತಿಯ ಕತೆಯ ಉಳಿದ ಭಾಗವನ್ನು ಹೇಳುತ್ತೇನೆ. ಅವಳು ನನ್ನ ಕೆಲಸದ ಬಗ್ಗೆ ಕೇಳಿದ್ದು ನಾಲ್ಕು ದಿನ ನನ್ನನ್ನು ಕೊರೆಯಿತು. ಐದನೆಯ ದಿನ ಅವಳ ಮನೆಗೆ ಹೋಗಿ, ‘ಅವತ್ತು ನೀನು ಬಾಗಿಲ ತನಕ ಹೋಗಲಿಲ್ಲ ಅಂತ ಹೇಳ್ತಾ ಇದ್ದೆ. ನಾನು ನಡುವೆ ಮಾತಾಡಿಬಿಟ್ಟೆ’ ಎಂದೆ. ಕ್ಷಮೆಯ ಮಾತನ್ನು ಉದ್ದ ಮಾಡಲಿಲ್ಲ, ಮಾಡಿದ್ದರೆ ಅವಳು ಮತ್ತೆ ನನ್ನನ್ನೇ ಸಮಾಧಾನ ಮಾಡಬೇಕಾಗುತ್ತಿತ್ತು. ಅವಳು ಕಿಟಕಿಯ ಕಡೆ ನೋಡುತ್ತ ಬಹಳ ಹೊತ್ತು ಕುಳಿತಳು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಆಮೇಲೆ ಅವಳು, ‘ಅವನು ಗೇಟಿನ ಹತ್ತಿರ ನಿಂತು ಒಂದು ಸಲ ಹಿಂದಕ್ಕೆ ತಿರುಗಿ ನೋಡಿದ, ನಾನು ಒಳಗಿನಿಂದ ಕಂಡೆ’ ಎಂದು ಶುರುಮಾಡಿದಳು.